ಹಿಂದಿನ ಬ್ಯಾಕ್‌ಹ್ಯಾಂಡ್ ಮೂಲೆಗೆ ಯಾವಾಗಲೂ ಲೇಟ್. ಶ್ಯಾಡೋದಲ್ಲಿ ಸರಿಯಿದೆ, ಆಟದಲ್ಲಿ ಯಾಕಿಲ್ಲ?

ಹಿಂಬದಿ ಮೂಲೆ

ಎಲ್ಲರಿಗೂ ನಮಸ್ಕಾರ. ಬ್ಯಾಡ್ಮಿಂಟನ್‌ನಲ್ಲಿ ಬಲಗೈ ಆಟಗಾರ, ಸಿಂಗಲ್ಸ್ ಜಾಸ್ತಿ ಆಡುತ್ತೇನೆ. ಎರಡು ವರ್ಷದಿಂದ ವಾರಕ್ಕೆ ನಾಲ್ಕು ದಿನ ಕೋರ್ಟಿಗೆ ಹೋಗುತ್ತಿದ್ದೇನೆ. ಆಟಕ್ಕೆ ಮೊದಲು ದಿನಾ ಹದಿನೈದು ನಿಮಿಷ ಷಟಲ್ ಇಲ್ಲದೆ ಶ್ಯಾಡೋ ಮಾಡುತ್ತೇನೆ, ನಾಲ್ಕು ಮೂಲೆಗೂ. ಅಲ್ಲಿ ನನ್ನ ಕಾಲು ನೋಡಿದವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ಆಟ ಶುರುವಾದ ಮೇಲೆ ಕಥೆ ಬೇರೆ. ಹಿಂದಿನ ಬ್ಯಾಕ್‌ಹ್ಯಾಂಡ್ ಮೂಲೆಗೆ ಟಾಸ್ ಬಿದ್ದರೆ ನಾನು ಲೇಟ್. ಷಟಲ್ ತಲೆ ದಾಟಿ ಹಿಂದೆ ಹೋಗಿರುತ್ತದೆ, ಬೆನ್ನು ಬಗ್ಗಿಸಿಕೊಂಡು ಹೇಗೋ ವಾಪಸ್ ಹಾಕುತ್ತೇನೆ, ಅದು ಅರ್ಧ ಕೋರ್ಟಿಗೆ ಬಂದು ಎದುರಿನವನಿಗೆ ಹಬ್ಬ. ಕಾಲಿನ ವೇಗ ಕಡಿಮೆಯೋ, ಹೆಜ್ಜೆ ತಪ್ಪೋ ಗೊತ್ತಾಗುತ್ತಿಲ್ಲ. ಹಗ್ಗದಾಟ, ಮೆಟ್ಟಿಲು ಓಟ ಎಲ್ಲಾ ಮಾಡಿ ನೋಡಿದೆ. ಏನು ಮಾಡಲಿ?

ಬೆಳಗಿನ ಬ್ಯಾಚ್

ಎಲ್ಲರಿಗೂ ಆ ಮೂಲೆ ಹಾಗೇನೇ ಗುರು. ಬ್ಯಾಕ್‌ಹ್ಯಾಂಡ್ ಟಾಸ್ ಕಲಿತುಬಿಡಿ, ಓಡೋ ಕೆಲಸವೇ ಇಲ್ಲ.

ನೆಟ್ ಹತ್ತಿರ

ಬ್ಯಾಕ್‌ಹ್ಯಾಂಡ್ ಟಾಸ್ ಹೊಡೆಯೋಕೂ ಷಟಲ್ ಹತ್ತಿರ ಹೋಗಲೇಬೇಕಲ್ಲ ಸ್ವಾಮಿ. 😄

ಹಳೇ ಕೋರ್ಟು

ನಲವತ್ತು ವರ್ಷದಿಂದ ಆಡುತ್ತಿದ್ದೇನೆ, ಒಂದೇ ಮಾತು. ಪ್ರತಿ ಹೊಡೆತ ಆದ ಮೇಲೆ ಮಧ್ಯಕ್ಕೆ ಬನ್ನಿ. ನೀವು ಮಧ್ಯಕ್ಕೆ ಬರುತ್ತಿಲ್ಲ, ಅದಕ್ಕೇ ಲೇಟ್. ಈಗಿನವರು ಹೊಡೆದು ಅಲ್ಲೇ ನಿಂತು ತಮ್ಮ ಶಾಟ್ ನೋಡಿಕೊಂಡು ಖುಷಿಪಡುತ್ತಾರೆ.

ಹಿಂಬದಿ ಮೂಲೆ

ಸರ್, ನಾನು ಬರುತ್ತೇನೆ. ಓಡಿಕೊಂಡೇ ಬರುತ್ತೇನೆ. ಅದರಲ್ಲಿ ಏನೂ ಕಮ್ಮಿ ಇಲ್ಲ.

ಕೋಚ್ ಅಲ್ಲ

"ಓಡಿಕೊಂಡೇ ಬರುತ್ತೇನೆ" ಅಂದಿರಲ್ಲ, ಅಲ್ಲೇ ಏನೋ ಇದೆ ಅನ್ನಿಸುತ್ತಿದೆ. ಸುಮ್ನೆ ಊಹೆ ಮಾಡೋದು ಬೇಡ, ಒಂದು ಕೆಲಸ ಮಾಡಿ. ಫೋನನ್ನು ಕೋರ್ಟಿನ ಹಿಂದೆ ಸ್ವಲ್ಪ ಎತ್ತರದಲ್ಲಿ ಇಟ್ಟು ಒಂದು ಪೂರ್ತಿ ಗೇಮ್ ರೆಕಾರ್ಡ್ ಮಾಡಿ. ಎದುರಿನವನ ರ‍್ಯಾಕೆಟ್ಟೂ ನಿಮ್ಮ ಪಾದವೂ ಒಟ್ಟಿಗೆ ಕಾಣಬೇಕು. ಸೆಕೆಂಡಿಗೆ 60 ಫ್ರೇಮ್ ಸಾಕು, ಆಗ ಒಂದು ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್.

ಆಮೇಲೆ ನೀವು ಲೇಟಾದ ಪ್ರತಿ ಷಟಲ್‌ಗೂ ಎರಡೇ ವಿಷಯ ಬರೆದುಕೊಳ್ಳಿ. ಎದುರಿನವನು ಹೊಡೆದ ಫ್ರೇಮಿನಲ್ಲಿ ನಿಮ್ಮ ಪಾದ ಏನು ಮಾಡುತ್ತಿತ್ತು? ಅದಕ್ಕೂ ಮೊದಲಿನ ಷಟಲ್ ನೀವು ಯಾವ ಮೂಲೆಯಿಂದ ಹೊಡೆದಿದ್ದಿರಿ? ಯಾವ ಮೂಲೆಗೆ ಲೇಟಾದಿರಿ ಅನ್ನೋದಕ್ಕಿಂತ ಎಲ್ಲಿಂದ ಬರುತ್ತಿದ್ದಿರಿ ಅನ್ನೋದು ಮುಖ್ಯ.

ಡಬಲ್ಸ್ ಮಾತ್ರ

ನನಗೂ ಇದೇ ಸಮಸ್ಯೆ. ನನ್ನ ಪಾರ್ಟ್ನರ್ ಹಿಂದಿನ ಮೂಲೆ ಬಿಟ್ಟುಕೊಡೋದೇ ಇಲ್ಲ, ಇಬ್ಬರೂ ಒಂದೇ ಷಟಲ್‌ಗೆ ಹೋಗಿ ರ‍್ಯಾಕೆಟ್ ತಾಗುತ್ತದೆ. ಮಧ್ಯದ ಷಟಲ್ ಯಾರದ್ದು ಅಂತ ಹೇಗೆ ತೀರ್ಮಾನ ಮಾಡುತ್ತೀರಿ?

ನೆಟ್ ಹತ್ತಿರ

ಮೇಡಂ, ಇದು ಸಿಂಗಲ್ಸ್ ಕಾಲಿನ ವಿಷಯ. ನಿಮ್ಮದು ಬಾಯಿ ತೆರೆದು "ನಂದು" ಅನ್ನೋ ವಿಷಯ.

ಡಬಲ್ಸ್ ಮಾತ್ರ

ಅಯ್ಯೋ ಸರಿ. ಓದುತ್ತಾ ಇರುತ್ತೇನೆ.

ಷಟಲ್ ಹುಚ್ಚ

ಸ್ಪ್ಲಿಟ್ ಸ್ಟೆಪ್ ಮಾಡುತ್ತೀರಾ? ಎದುರಿನವನು ಹೊಡೆಯುವ ಮುಂಚೆ ಒಂದು ಚೆನ್ನಾದ ಜಿಗಿತ ಜಿಗಿಯಬೇಕು. ಎಷ್ಟು ಮೇಲೆ ಜಿಗಿಯುತ್ತೀರೋ ಅಷ್ಟು ಸ್ಪ್ರಿಂಗ್ ಸಿಗುತ್ತದೆ. ದೊಡ್ಡ ಆಟಗಾರರೆಲ್ಲಾ ಮಾಡುತ್ತಾರೆ, ನೋಡಿ.

ಕೋಚ್ ಅಲ್ಲ

ಅರ್ಧ ಸರಿ. ಸ್ಪ್ಲಿಟ್ ಬೇಕೇ ಬೇಕು. ಆದರೆ ಮೇಲೆ ಜಿಗಿದಷ್ಟೂ ಗಾಳಿಯಲ್ಲಿ ಇರುತ್ತೀರಿ, ಗಾಳಿಯಲ್ಲಿ ಇದ್ದಾಗ ಯಾವ ಕಡೆಗೂ ತಳ್ಳೋಕೆ ಆಗಲ್ಲ. ಒಳ್ಳೆ ಸ್ಪ್ಲಿಟ್‌ನಲ್ಲಿ ಪಾದ ನೆಲ ಬಿಡೋದೇ ಸರಿಯಾಗಿ ಕಾಣಲ್ಲ. ಮಂಡಿ ಸಡಿಲ ಬಿಟ್ಟು ಸೊಂಟ ಒಮ್ಮೆ ಕೆಳಗೆ ಇಳಿಯುತ್ತದೆ, ಕಾಲು ಭುಜಕ್ಕಿಂತ ಸ್ವಲ್ಪ ಅಗಲ ಆಗುತ್ತದೆ, ಪಾದದ ಮುಂಭಾಗ ನೆಲ ಕಚ್ಚುತ್ತದೆ. ಅಷ್ಟೇ. ಸ್ಪ್ರಿಂಗ್ ಸಿಗೋದು ಆ ಇಳಿತದಲ್ಲಿ.

ಇನ್ನು ಯಾವಾಗ ಅನ್ನೋದು. ಎದುರಿನವನ ರ‍್ಯಾಕೆಟ್ ಮುಂದಕ್ಕೆ ಬರೋಕೆ ಶುರುವಾದಾಗ ನಾವು ಸಡಿಲ ಬಿಡಬೇಕು, ಅವನು ಹೊಡೆದ ಮೇಲೆ ಒಂದು ಚೂರು ಕಳೆದು ನೆಲ ಮುಟ್ಟಬೇಕು. ಹೊಡೆಯುವ ಮುಂಚೆಯೇ ಇಳಿದುಬಿಟ್ಟರೆ ಹಿಮ್ಮಡಿ ಕೂತುಬಿಡುತ್ತದೆ, ಸ್ಪ್ರಿಂಗ್ ಸತ್ತುಹೋಗುತ್ತದೆ. ಆಮೇಲೆ ನಿಂತ ಜಾಗದಿಂದ ಹೊಸದಾಗಿ ಹೊರಡಬೇಕು.

ಎಡಗೈ

ಎರಡೂ ಕಾಲು ಒಟ್ಟಿಗೆ ಇಳಿಸಬೇಕು ಅಂತ ನನಗೆ ಕಲಿಸಿದ್ದಾರೆ. ಆದರೆ ವಿಡಿಯೋದಲ್ಲಿ ನನ್ನದು ಒಂದು ಕಾಲು ಮೊದಲು ಇಳಿಯುತ್ತದೆ. ತಪ್ಪಾ?

ಕೋಚ್ ಅಲ್ಲ

ತಪ್ಪಲ್ಲ, ಒಳ್ಳೆಯದೇ. ಷಟಲ್ ಬಲಕ್ಕೆ ಹೊರಟಿದೆ ಅಂತ ನೀವು ಇಳಿಯುವ ಮುಂಚೆಯೇ ಗೊತ್ತಾದರೆ ಎಡಗಾಲು ಮೊದಲು ನೆಲ ಮುಟ್ಟಿ ಬಲಕ್ಕೆ ತಳ್ಳುತ್ತದೆ. ಅನುಭವ ಬಂದವರಲ್ಲಿ ತಾನಾಗೇ ಹಾಗಾಗುತ್ತದೆ. ಎರಡು ಕಾಲು ಒಟ್ಟಿಗೆ ಅನ್ನೋದು ಕಲಿಯುವಾಗ ಸರಿ, ಅದೇ ಕೊನೆ ಅಲ್ಲ.

ಹಳೇ ಕೋರ್ಟು

ನಮ್ಮ ಕಾಲದಲ್ಲಿ ಸ್ಪ್ಲಿಟ್ ಗಿಪ್ಲಿಟ್ ಅಂತ ಯಾರೂ ಹೇಳಲಿಲ್ಲ. ಆಡಿದೆವು.

ನೆಟ್ ಹತ್ತಿರ

ಹೆಸರು ಇರಲಿಲ್ಲ ಅಷ್ಟೇ ಸರ್, ಮಾಡುತ್ತಿದ್ದಿರಿ. ನಿಮ್ಮ ಹಳೇ ವಿಡಿಯೋ ಇದ್ದರೆ ಹಾಕಿ, ತೋರಿಸುತ್ತೇನೆ.

ಹಳೇ ಕೋರ್ಟು

ನಮ್ಮ ಕಾಲದಲ್ಲಿ ವಿಡಿಯೋನೂ ಇರಲಿಲ್ಲ.

ಹಿಂಬದಿ ಮೂಲೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಒಂದು ಗೇಮ್ ರೆಕಾರ್ಡ್ ಮಾಡಿದೆ, 14-21 ಸೋತೆ. ರಾತ್ರಿ ಕೂತು ಫ್ರೇಮ್ ಫ್ರೇಮ್ ನೋಡಿದೆ. ಕಣ್ಣು ಹೋಯಿತು.

ನಾನು ಲೇಟಾದ ಷಟಲ್ ಒಟ್ಟು ಹನ್ನೊಂದು. ನನ್ನ ಲೆಕ್ಕದಲ್ಲಿ ಎಲ್ಲಾ ಹಿಂದಿನ ಬ್ಯಾಕ್‌ಹ್ಯಾಂಡ್ ಮೂಲೆ ಇರಬೇಕಿತ್ತು. ನೋಡಿದರೆ ಆ ಮೂಲೆ ಆರೇ. ಮೂರು ನೆಟ್ ಹತ್ತಿರ ಫೋರ್‌ಹ್ಯಾಂಡ್ ಕಡೆ, ಎರಡು ಹಿಂದಿನ ಫೋರ್‌ಹ್ಯಾಂಡ್. ನೆನಪಲ್ಲಿ ಉಳಿದಿದ್ದು ಮಾತ್ರ ಆ ಒಂದು ಮೂಲೆ.

ಇನ್ನೂ ವಿಚಿತ್ರ ಅಂದರೆ, ಹನ್ನೊಂದರಲ್ಲಿ ಎಂಟು ಸಲ ಷಟಲ್ ಬಿದ್ದದ್ದು ನಾನು ಆಗಷ್ಟೇ ಬಿಟ್ಟು ಬಂದ ಮೂಲೆಗೇ! ಹಿಂದಿನಿಂದ ಹೊಡೆದು ಮಧ್ಯಕ್ಕೆ ಓಡುತ್ತಿದ್ದೇನೆ, ಅವನು ಅಲ್ಲಿಗೇ ಮತ್ತೆ ಹಾಕಿದ್ದಾನೆ. ನೆಟ್ ಹತ್ತಿರದ ಮೂರೂ ಹಾಗೇ. ನೆಟ್ ದಾಟಿ ಅಲ್ಲೇ ಬೀಳೋ ಡ್ರಿಬಲ್ ಹಾಕಿ ಹಿಂದಕ್ಕೆ ಬರುತ್ತಿದ್ದೇನೆ, ಅವನೂ ಡ್ರಿಬಲ್ ಹಾಕಿದ್ದಾನೆ.

ಪಾದದ ವಿಷಯ: ಆ ಎಂಟರಲ್ಲಿ ಏಳು ಸಲ ಅವನು ಹೊಡೆದ ಫ್ರೇಮಿನಲ್ಲಿ ನಾನು ಇನ್ನೂ ಓಡುತ್ತಲೇ ಇದ್ದೇನೆ, ಒಂದು ಕಾಲು ಗಾಳಿಯಲ್ಲಿ. ಸ್ಪ್ಲಿಟ್ ಮಾಡಿದ್ದೇನೆ, ಆದರೆ ಮಧ್ಯಕ್ಕೆ ಬಂದ ಮೇಲೆ. ಅಷ್ಟರಲ್ಲಿ ಅವನು ಹೊಡೆದು 15-16 ಫ್ರೇಮ್ ಆಗಿಹೋಗಿದೆ. ಅಂದರೆ ಕಾಲು ಸೆಕೆಂಡು ಅಲ್ವಾ?

ಕೋಚ್ ಅಲ್ಲ

ಹೌದು, ಕಾಲು ಸೆಕೆಂಡ್. ಸಿಕ್ಕಿತು ನೋಡಿ. ನಿಮ್ಮ ಸ್ಪ್ಲಿಟ್ ಒಂದು ಜಾಗಕ್ಕೆ ಕಟ್ಟುಬಿದ್ದಿದೆ. ಮಧ್ಯಕ್ಕೆ ಬಂದೆ, ಈಗ ಸ್ಪ್ಲಿಟ್ ಅಂತ ಕಾಲು ಕಲಿತುಬಿಟ್ಟಿದೆ. ಅದನ್ನು ಕಲಿಸಿದ್ದು ನಿಮ್ಮ ದಿನದ ಹದಿನೈದು ನಿಮಿಷದ ಶ್ಯಾಡೋ. ಅಲ್ಲಿ ಎದುರಿಗೆ ಯಾರೂ ಇಲ್ಲ, ನೀವು ಮಧ್ಯಕ್ಕೆ ಬಂದ ಮೇಲೆಯೇ ಮುಂದಿನ ಷಟಲ್ ಬರುತ್ತದೆ. ಪ್ರತಿ ಸಲ. ಆಟದಲ್ಲಿ ಯಾರು ಹಾಗೆ ಕಾಯುತ್ತಾರೆ?

ಸ್ಪ್ಲಿಟ್ ಕಟ್ಟಬೇಕಾದ್ದು ಎದುರಿನವನ ಹೊಡೆತಕ್ಕೆ. ಅವನು ಹೊಡೆಯುವಾಗ ನೀವು ಎಲ್ಲಿದ್ದೀರೋ ಅಲ್ಲೇ ಸ್ಪ್ಲಿಟ್. ಮಧ್ಯ ಇನ್ನೂ ಒಂದು ಮೀಟರ್ ದೂರ ಇದ್ದರೂ ಅಲ್ಲೇ. ಓಡುತ್ತಿರುವ ಮೈಯನ್ನು ನಿಲ್ಲಿಸಿ ತಿರುಗಿಸೋದು ಕಷ್ಟ, ಅದಕ್ಕೇ ಬಿಟ್ಟು ಬಂದ ಮೂಲೆ ಎಲ್ಲಕ್ಕಿಂತ ದೂರ ಅನ್ನಿಸುತ್ತದೆ. ಅಳತೆಯಲ್ಲಿ ಅದೇ ಹತ್ತಿರದ ಮೂಲೆ!

ಹಳೇ ಕೋರ್ಟು

ಇದು ನಾನು ಒಪ್ಪಲ್ಲ. ಮಧ್ಯಕ್ಕೆ ಬರದೆ ಅರ್ಧ ದಾರಿಯಲ್ಲಿ ನಿಂತರೆ ಎದುರಿನ ಮೂಲೆ ಖಾಲಿ. ಹಿಂದಿನ ಬ್ಯಾಕ್‌ಹ್ಯಾಂಡ್‌ನಿಂದ ಬರುತ್ತಾ ನಿಂತೆ ಅಂದುಕೊಳ್ಳಿ, ಅವನು ನೆಟ್ ಹತ್ತಿರ ಫೋರ್‌ಹ್ಯಾಂಡ್‌ಗೆ ಡ್ರಾಪ್ ಹಾಕುತ್ತಾನೆ. ಆಗ ಏನು ಮಾಡುತ್ತೀರಿ, ಕೈ ಮುಗಿಯುತ್ತೀರಾ?

ಕೋಚ್ ಅಲ್ಲ

ನ್ಯಾಯವಾದ ಪ್ರಶ್ನೆ ಸರ್. ಲೆಕ್ಕ ಹಾಕೋಣ. ನಮ್ಮ ಅರ್ಧ ಕೋರ್ಟು ಉದ್ದ 6.7 ಮೀಟರ್, ಸಿಂಗಲ್ಸ್ ಅಗಲ 5.18. ನಟ್ಟನಡುವೆ ನಿಂತರೆ ಪ್ರತಿ ಮೂಲೆಯೂ ಸುಮಾರು 4.2 ಮೀಟರ್. ಆದರೆ ಪಾದ ಮೂಲೆಗೆ ಹೋಗಬೇಕಾಗಿಲ್ಲ, ರ‍್ಯಾಕೆಟ್ ಹೋದರೆ ಸಾಕು. ಕೈಯೂ ರ‍್ಯಾಕೆಟ್ಟೂ ಸೇರಿ ಒಂದು ಮೀಟರ್‌ಗಿಂತ ಜಾಸ್ತಿ ಕೊಡುತ್ತದೆ. ಕೊನೆಯ ಉದ್ದ ಹೆಜ್ಜೆ, ಅಂದರೆ ಲಂಜ್, ಇನ್ನೊಂದು ಮೀಟರ್ ಮೇಲೆ ಕೊಡುತ್ತದೆ. ಉಳಿದದ್ದಕ್ಕೆ ಎರಡು ಹೆಜ್ಜೆ.

ಅರ್ಧ ಮೀಟರ್ ಹಿಂದೆ ನಿಂತರೆ ಲಂಜ್‌ಗೆ ಮುಂಚೆ ಒಂದು ಚಿಕ್ಕ ಹೆಜ್ಜೆ ಜಾಸ್ತಿ ಬೀಳುತ್ತದೆ. ಸರಿಯಾದ ಸಮಯಕ್ಕೆ ಸ್ಪ್ಲಿಟ್ ಆಗಿದ್ದರೆ ಅದು ನಿಭಾಯಿಸಬಹುದು. ಓಡುತ್ತಾ ಇರುವಾಗ ಹಿಂದಕ್ಕೆ ಟಾಸ್ ಬಿದ್ದರೆ ಯಾವ ಹೆಜ್ಜೆಯೂ ಉಳಿಸಲ್ಲ. ಎರಡೂ ನಷ್ಟವೇ, ಯಾವುದು ಚಿಕ್ಕದು ಅನ್ನೋದಷ್ಟೇ.

ಹಳೇ ಕೋರ್ಟು

ನನ್ನ ಪ್ರಕಾರ ಮೂಲ ತಪ್ಪು ಬೇರೆ. ಅವರು ಹಿಂದಿನಿಂದ ಹೊಡೆಯೋ ಟಾಸ್ ತಗ್ಗಾಗಿದೆ, ಅದಕ್ಕೇ ಬರೋಕೆ ಟೈಮ್ ಸಿಗುತ್ತಿಲ್ಲ. ಎತ್ತರವಾಗಿ, ಹಿಂದಿನ ಗೆರೆ ತನಕ ಹಾಕಿ ನೋಡಿ. ಮಧ್ಯಕ್ಕೆ ಬಂದು ಬೆವರು ಒರೆಸಿಕೊಂಡು ನಿಲ್ಲಬಹುದು.

ಕೋಚ್ ಅಲ್ಲ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಹಿಂಬದಿಯವರೇ, ನಿಮ್ಮ ಆ ಎಂಟರಲ್ಲಿ ಎಷ್ಟು ಸಲ ನಿಮ್ಮದೇ ಟಾಸ್ ಅರ್ಧಕ್ಕೆ ಬಿದ್ದಿತ್ತು ನೋಡಿ.

ಹಿಂಬದಿ ಮೂಲೆ

ನೋಡಿದೆ. ಐದು. 😬

ಎಡಗೈ

ಇನ್ನೊಂದು ಅನುಮಾನ. ಮಧ್ಯ ಅಂದರೆ ಎಲ್ಲಿ? ನಾನು ನೆಟ್‌ನಿಂದ ಉದ್ದದ ಟಾಸ್ ಎತ್ತಿದ ಮೇಲೂ, ಡ್ರಿಬಲ್ ಹಾಕಿದ ಮೇಲೂ ಒಂದೇ ಜಾಗಕ್ಕೆ ಬರಬೇಕಾ?

ಷಟಲ್ ಹುಚ್ಚ

ಇಲ್ಲ ಇಲ್ಲ. ಡ್ರಿಬಲ್ ಚೆನ್ನಾಗಿ ಬಿದ್ದರೆ ಹಿಂದಕ್ಕೆ ಪೂರ್ತಿ ಬರಲೇಬಾರದು. ಅವನು ಡ್ರಿಬಲ್ ಹಾಕಬೇಕು ಇಲ್ಲ ಎತ್ತಬೇಕು. ಒಂದು ಹೆಜ್ಜೆ ಹಿಂದೆ ಬಂದು ರ‍್ಯಾಕೆಟ್ ಮೇಲಿಟ್ಟು ನಿಂತರೆ ಅವನ ಡ್ರಿಬಲ್ ಕೊಲ್ಲಬಹುದು. ಎತ್ತಿದರೆ ಅದು ಎತ್ತರಕ್ಕೆ ಹೋಗಲೇಬೇಕು, ನಮಗೆ ಟೈಮ್ ಇದೆ.

ಕೋಚ್ ಅಲ್ಲ

ಹುಚ್ಚಪ್ಪ ಈ ಸಲ ಪೂರ್ತಿ ಸರಿ. ಟಾಸ್ ಎತ್ತಿದರೂ ಅದೇ ತರಹ, ಯಾವ ಕಡೆಗೆ ಎತ್ತಿದಿರೋ ಆ ಕಡೆ ಸ್ವಲ್ಪ ವಾಲಿ ನಿಲ್ಲಬೇಕು. ನೇರ ಸ್ಮ್ಯಾಶ್ ಬೇಗ ಬರುತ್ತದೆ, ಅಡ್ಡಕ್ಕೆ ಹೊಡೆದರೆ ದೂರ ಜಾಸ್ತಿ.

ಮೊಣಕಾಲು ಪುರಾಣ

ನಮಸ್ಕಾರ, ನನಗೆ 52. ನಿಮ್ಮ ಚರ್ಚೆ ಓದುತ್ತಾ ಇದ್ದೆ. ನನಗೆ ಸ್ಪ್ಲಿಟ್ ತೊಂದರೆ ಇಲ್ಲ, ಲಂಜ್ ತೊಂದರೆ. ನೆಟ್ ಹತ್ತಿರ ಫೋರ್‌ಹ್ಯಾಂಡ್‌ಗೆ ಲಂಜ್ ಹಾಕಿದರೆ ಬಲ ಮೊಣಕಾಲಿನ ಮುಂದೆ, ಚಿಪ್ಪಿನ ಕೆಳಗೆ ನೋವು. ಷಟಲ್ ಸಿಗುತ್ತದೆ, ಎದ್ದು ಬರೋಕೆ ಆಗಲ್ಲ. ಅಲ್ಲೇ ಪ್ರತಿಮೆ ತರಹ ನಿಂತುಬಿಡುತ್ತೇನೆ. ಹೆಜ್ಜೆ ತುಂಬಾ ಉದ್ದ ಆಯಿತಾ?

ನೆಟ್ ಹತ್ತಿರ

ನನಗೆ ಹೀಗೇ ಆಗಿತ್ತು. ಸರ್, ನಿಮ್ಮ ಪಾದ ಬೀಳುವಾಗ ಶಬ್ದ ಹೇಗೆ ಬರುತ್ತದೆ ಕೇಳಿಸಿಕೊಳ್ಳಿ. ಪೂರ್ತಿ ಅಂಗಾಲು ಒಟ್ಟಿಗೆ ಬಿದ್ದರೆ "ಪಟ್" ಅಂತ ಒಂದು ದೊಡ್ಡ ಏಟು. ಹಿಮ್ಮಡಿ ಮೊದಲು ಬಿದ್ದು ಆಮೇಲೆ ಪಾದ ಉರುಳಿದರೆ ಶಬ್ದ ಕಡಿಮೆ, ಎರಡು ತುಂಡಾಗಿ ಕೇಳುತ್ತದೆ. ನಾನು ಪಟ್ ಪಟ್ ಅಂತಲೇ ಬೀಳುತ್ತಿದ್ದೆ. ಪಕ್ಕದ ಕೋರ್ಟಿನವರು ತಿರುಗಿ ನೋಡುತ್ತಿದ್ದರು.

ಆಮೇಲೆ ಬೆರಳು ಯಾವ ಕಡೆ ತೋರಿಸುತ್ತದೆ ನೋಡಿ. ನೀವು ಮೂಲೆ ಕಡೆ ಹೋಗುತ್ತಿದ್ದೀರಿ, ಪಾದ ನೆಟ್‌ಗೆ ನೇರ ಬಿದ್ದರೆ ಮೈ ಒಂದು ಕಡೆ, ಮಂಡಿ ಒಂದು ಕಡೆ. ಮಂಡಿ ಒಳಕ್ಕೆ ಮಡಿಯುತ್ತದೆ. ಪಾದ ಹೋಗುವ ದಿಕ್ಕಿಗೆ, ಬೇಕಾದರೆ ಒಂದು ಚೂರು ಹೊರಗೆ ತಿರುಗಿರಲಿ. ಮಂಡಿ ಪಾದದ ಗೆರೆಯಲ್ಲೇ ಬಗ್ಗಬೇಕು.

ಬೆಳಗಿನ ಬ್ಯಾಚ್

ನಾನು ಬೆರಳ ಮೇಲೆ ಇಳಿಯುತ್ತೇನೆ, ಬೇಗ ವಾಪಸ್ ಬರಬಹುದು. ಹಿಮ್ಮಡಿ ಹೊಡೆದರೆ ಬ್ರೇಕ್ ಹಾಕಿದ ಹಾಗೆ ಆಗಲ್ವಾ?

ನೆಟ್ ಹತ್ತಿರ

ಬ್ರೇಕ್ ಹಾಕೋದೇ ಅದರ ಕೆಲಸ ಗುರು. ಚಿಕ್ಕ ಹೆಜ್ಜೆಗೆ ಬೆರಳು ಓಕೆ. ಉದ್ದದ ಲಂಜ್‌ನಲ್ಲಿ ಬೆರಳ ಮೇಲೆ ಇಳಿದರೆ ಮಂಡಿ ಬೆರಳು ದಾಟಿ ಮುಂದೆ ಹೋಗುತ್ತದೆ, ಎಲ್ಲಾ ಭಾರ ಚಿಪ್ಪಿನ ಮೇಲೆ. 52ರಲ್ಲಿ ಅದು ಬೇಡ. 22ರಲ್ಲೂ ಬೇಡ.

ಕೋಚ್ ಅಲ್ಲ

ಇದಕ್ಕೆ ಒಂದೇ ಒಂದು ಸೇರಿಸುತ್ತೇನೆ. ಎದ್ದು ಬರೋಕೆ ಆಗಲ್ಲ ಅಂದಿರಲ್ಲ, ಅದರಲ್ಲಿ ಅರ್ಧ ತಪ್ಪು ಹಿಂದಿನ ಕಾಲಿನದು. ನಿಮ್ಮ ಎಡ ಶೂ ಕೈಗೆತ್ತಿಕೊಂಡು ನೋಡಿ. ಹೆಬ್ಬೆರಳಿನ ಒಳಬದಿ ಸವೆದಿದೆಯಾ? ಚೆನ್ನಾಗಿ ಲಂಜ್ ಹಾಕುವ ಬಲಗೈಯವರ ಎಡ ಶೂ ಅಲ್ಲೇ ಮೊದಲು ಹರಿಯುತ್ತದೆ. ಹಿಂದಿನ ಪಾದ ಒಳ ಅಂಚಿನ ಮೇಲೆ ನೆಲ ಉಜ್ಜಿಕೊಂಡು ಸ್ವಲ್ಪ ಮುಂದಕ್ಕೆ ಬರಬೇಕು. ಆಗ ಎರಡು ಕಾಲಿನ ನಡುವಿನ ಅಂತರ ಕಡಿಮೆಯಾಗಿ ಏಳೋದು ಸುಲಭ. ಹಿಂದಿನ ಕಾಲು ಗೂಟ ಹೊಡೆದ ಹಾಗೆ ಅಲ್ಲೇ ಉಳಿದರೆ ಎಲ್ಲಾ ಕೆಲಸ ಬಲ ಮಂಡಿಯೇ ಮಾಡಬೇಕು.

ಹಾಗೆಯೇ ಖಾಲಿ ಕೈಯನ್ನು ಹಿಂದಕ್ಕೆ ಚಾಚಿ. ಬೆನ್ನು ನೆಟ್ಟಗಿರುತ್ತದೆ. ಎದೆ ಮಂಡಿ ಮೇಲೆ ಬಿದ್ದರೆ ಮುಗಿಯಿತು. ನೋವು ಆಟ ಮುಗಿದ ಮೇಲೂ ಉಳಿದರೆ, ಮೆಟ್ಟಿಲು ಇಳಿಯುವಾಗಲೂ ಬಂದರೆ, ಹೆಜ್ಜೆ ತಿದ್ದೋದು ಆಮೇಲೆ, ಮೊದಲು ಡಾಕ್ಟರಿಗೆ ತೋರಿಸಿ.

ಮೊಣಕಾಲು ಪುರಾಣ

ಶೂ ನೋಡಿದೆ. ಎಡ ಶೂ ಹೊಸದರ ಹಾಗಿದೆ. ಬಲ ಶೂ ಹಿಮ್ಮಡಿನೂ ಹೊಸದರ ಹಾಗಿದೆ. ಬಲಗಾಲಿನ ಬೆರಳ ಕೆಳಗೆ ಮಾತ್ರ ತೂತು. 🙏

ಅಂದಹಾಗೆ ಇದು ಜಾಗಿಂಗ್ ಶೂ, ಪರವಾಗಿಲ್ವಾ?

ಬೆಳಗಿನ ಬ್ಯಾಚ್

ಸರ್!!! ಅದನ್ನ ಮೊದಲು ಬಿಡಿ.

ಎಡಗೈ

ಜಾಗಿಂಗ್ ಶೂ ಹಿಮ್ಮಡಿ ದಪ್ಪ ಇರುತ್ತದೆ, ಪಕ್ಕಕ್ಕೆ ತಳ್ಳಿದರೆ ಪಾದ ಮಗುಚಿಕೊಳ್ಳುತ್ತದೆ. ಅದು ನೇರ ಓಡೋಕೆ ಮಾಡಿದ್ದು. ನನ್ನ ಪಾದದ ಗಂಟು ಉಳುಕಿದ್ದು ಅದರಿಂದಲೇ, ಒಂದೂವರೆ ತಿಂಗಳು ಮನೆಯಲ್ಲಿ ಕೂತೆ. ಅಡಿ ತೆಳ್ಳಗಿರೋ ಕೋರ್ಟ್ ಶೂ ತಗೊಳ್ಳಿ.

ಡಬಲ್ಸ್ ಮಾತ್ರ

ಅಂಕಲ್, ನಮ್ಮ ಗುಂಪಲ್ಲಿ ಅರ್ಧ ಜನ ಜಾಗಿಂಗ್ ಶೂನಲ್ಲೇ ಆಡುತ್ತಾರೆ. ಹೇಳಿದರೆ ಕೇಳಲ್ಲ.

ಹಿಂಬದಿ ಮೂಲೆ

ನನ್ನ ಮೂಲೆಗೆ ವಾಪಸ್ ಬರೋಣವಾ? 😅 ಸ್ಪ್ಲಿಟ್ ಟೈಮಿಂಗ್ ಅರ್ಥವಾಯಿತು. ಅಭ್ಯಾಸ ಹೇಗೆ ಮಾಡೋದು? ಒಬ್ಬನೇ ಶ್ಯಾಡೋ ಮಾಡಿದರೆ ಮತ್ತೆ ಮಧ್ಯಕ್ಕೆ ಬಂದೇ ಸ್ಪ್ಲಿಟ್ ಆಗುತ್ತದೆ.

ಷಟಲ್ ಹುಚ್ಚ

ಮೆಟ್ರೊನೋಮ್ ಆ್ಯಪ್ ಹಾಕಿಕೊಳ್ಳಿ. ಟಿಕ್ ಅಂದಾಗ ಸ್ಪ್ಲಿಟ್.

ಕೋಚ್ ಅಲ್ಲ

ಬೇಡ. ಟಿಕ್ ಯಾವಾಗ ಬರುತ್ತದೆ ಅಂತ ಮೂರನೇ ಸಲಕ್ಕೇ ಗೊತ್ತಾಗುತ್ತದೆ. ಕಾಲು ಅದಕ್ಕೂ ಹೊಂದಿಕೊಂಡುಬಿಡುತ್ತದೆ, ಮತ್ತೆ ಅದೇ ರಾಗ.

ಒಬ್ಬ ಗೆಳೆಯನನ್ನು ನೆಟ್ ಆಚೆ ರ‍್ಯಾಕೆಟ್ ಹಿಡಿದು ನಿಲ್ಲಿಸಿ. ಷಟಲ್ ಬೇಡ. ಅವನು ಹೊಡೆಯುವ ಹಾಗೆ ರ‍್ಯಾಕೆಟ್ ಬೀಸಿ ಒಂದು ಮೂಲೆ ತೋರಿಸಬೇಕು. ಷರತ್ತು ಎರಡು. ನೀವು ಮಧ್ಯಕ್ಕೆ ಬರೋವರೆಗೆ ಅವನು ಕಾಯಬಾರದು, ಮನಸ್ಸಿಗೆ ಬಂದಾಗ ಬೀಸಬೇಕು. ಮತ್ತೆ ಮೂರು ಸಲಕ್ಕೆ ಒಂದು ಸಲವಾದರೂ ನೀವು ಬಿಟ್ಟು ಬಂದ ಮೂಲೆಯನ್ನೇ ತೋರಿಸಬೇಕು. ಎಂಟೋ ಹತ್ತೋ ಮೂಲೆ ಆದ ಮೇಲೆ ನಿಲ್ಲಿಸಿ, ಉಸಿರು ಪೂರ್ತಿ ವಾಪಸ್ ಬರಲಿ. ಸುಸ್ತಾದ ಮೇಲೆ ಮಾಡಿದರೆ ತಪ್ಪು ಟೈಮಿಂಗ್ ಅನ್ನೇ ಕಾಲು ಕಲಿಯುತ್ತದೆ. ಹದಿನೈದು ನಿಮಿಷದ ಶ್ಯಾಡೋ ಅನ್ನೋದು ದಮ್ಮಿಗೆ ಒಳ್ಳೆಯದು, ಇದಕ್ಕಲ್ಲ.

ನೆಟ್ ಹತ್ತಿರ

ಗೆಳೆಯ ಸಿಗದಿದ್ದರೆ ಪಕ್ಕದ ಕೋರ್ಟಿನ ಆಟ ನೋಡುತ್ತಾ ಗೆರೆಯಾಚೆ ನಿಂತು ಸ್ಪ್ಲಿಟ್ ಮಾಡಿ. ಅಲ್ಲಿ ಒಬ್ಬ ಆಟಗಾರನನ್ನು ಆರಿಸಿಕೊಳ್ಳಿ, ಅವನು ಹೊಡೆದಾಗಲೆಲ್ಲಾ ಒಂದು ಸ್ಪ್ಲಿಟ್. ನಾನು ನನ್ನ ಸರದಿ ಕಾಯುವಾಗ ಮಾಡುತ್ತೇನೆ. ನೋಡಿದವರು ಚಳಿ ಆಗುತ್ತಿದೆ ಅಂದುಕೊಂಡಿದ್ದಾರೆ.

ಹಿಂಬದಿ ಮೂಲೆ

ಮೂರು ವಾರ ಆಯಿತು. ತಮ್ಮನನ್ನು ಹಿಡಿದು ನಿಲ್ಲಿಸಿ ಮಾಡಿದೆ. ಮೊದಲ ವಾರ ಇನ್ನೂ ಹದಗೆಟ್ಟಿತು, ಅರ್ಧ ದಾರಿಯಲ್ಲಿ ನಿಂತು ಎಲ್ಲಿಗೂ ಹೋಗಲಾಗದೆ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಎರಡನೇ ವಾರದಿಂದ ಏನೋ ಕೂತಿತು. ನಿನ್ನೆ ಮತ್ತೆ ರೆಕಾರ್ಡ್ ಮಾಡಿದೆ, ಅದೇ ಎದುರಾಳಿ. ಈಗ ಅವನು ಹೊಡೆದು ನಾಲ್ಕರಿಂದ ಆರು ಫ್ರೇಮ್‌ಗೆ ನನ್ನ ಪಾದ ನೆಲ ಮುಟ್ಟುತ್ತದೆ, ಬಹುಪಾಲು ಸಲ. ನೆಟ್ ಹತ್ತಿರ ಲೇಟಾಗಿದ್ದು ಒಂದೂ ಇಲ್ಲ. 18-21. ಸೋತೆ, ಆದರೂ.

ಒಂದೇ ಬೇಜಾರು. ಹಿಂದಿನ ಬ್ಯಾಕ್‌ಹ್ಯಾಂಡ್ ಮೂಲೆಯಲ್ಲಿ ಇನ್ನೂ ನಾಲ್ಕು ಸಲ ಲೇಟ್. ಸ್ಪ್ಲಿಟ್ ಸರಿಯಿದ್ದೂ ಲೇಟ್.

ಕೋಚ್ ಅಲ್ಲ

ಹಾಗಿದ್ದರೆ ಈಗ ನಿಜವಾಗಿ ಆ ಮೂಲೆಯ ಪ್ರಶ್ನೆಗೆ ಬಂದೆವು. ಸ್ಪ್ಲಿಟ್ ಆದ ಮೇಲಿನ ಮೊದಲ ಹೆಜ್ಜೆಯಲ್ಲಿ ಬಲಗಾಲು ಎಲ್ಲಿ ಬೀಳುತ್ತಿದೆ?

ಹಿಂಬದಿ ಮೂಲೆ

ನೇರ ಹಿಂದಕ್ಕೆ. ಆಮೇಲೆ ಎಡಕ್ಕೆ ವಾಲಿ ಹೊಡೆಯುತ್ತೇನೆ.

ಕೋಚ್ ಅಲ್ಲ

ಅದೇ. ನೇರ ಹಿಂದಕ್ಕೆ ಹೋದರೆ ನೀವು ಮಧ್ಯದ ಗೆರೆ ಮೇಲೆ ಹಿಂದೆ ಹೋಗುತ್ತೀರಿ, ಷಟಲ್ ಎಡ ಭುಜದ ಆಚೆ. ಎಷ್ಟು ಬೇಗ ಹೋದರೂ ಮೈ ವಾಲಿಸಲೇಬೇಕು. ಎಡ ಪಾದದ ಮೇಲೆ ಸೊಂಟ ಪೂರ್ತಿ ತಿರುಗಿಸಿ, ಬಲ ಪಾದ ಎಡ ಹಿಮ್ಮಡಿಯ ಹಿಂದಕ್ಕೆ, ಮೂಲೆ ಕಡೆಗೆ ಬೀಳಬೇಕು. ಅಲ್ಲಿಂದ ಒಂದು ಜಾರು ಹೆಜ್ಜೆ, ಆಮೇಲೆ ಬಲಗಾಲಿನಿಂದ ಎದ್ದು ಗಾಳಿಯಲ್ಲಿ ಕಾಲು ಅದಲುಬದಲು, ಎಡಗಾಲು ಹಿಂದೆ ಇಳಿದು ತಕ್ಷಣ ಮುಂದಕ್ಕೆ ತಳ್ಳಬೇಕು. ಮೊದಲ ಹೆಜ್ಜೆಯ ಕೋನ ಸರಿಯಾದರೆ ಉಳಿದದ್ದು ತಾನಾಗೇ ಬರುತ್ತದೆ.

ಆ ಎಡಗಾಲು ಇಳಿಯುವಾಗ ಜೋಪಾನ. ಬೆರಳು ಪಕ್ಕದ ಗೆರೆ ಕಡೆ ತಿರುಗಿರಲಿ, ಮಂಡಿ ಬಗ್ಗಿರಲಿ. ಮೈ ಹೊರಕ್ಕೆ ವಾಲಿದ್ದಾಗ ನೆಟ್ಟಗಿನ ಕಾಲಿನ ಮೇಲೆ ಇಳಿದರೆ ಮಂಡಿ ಒಳಕ್ಕೆ ಕುಸಿಯುತ್ತದೆ. ಲಂಜ್‌ನಲ್ಲಿ ಬರೋದು ನಿಧಾನದ ನೋವು, ಇಲ್ಲಿ ಒಂದೇ ಸಲಕ್ಕೆ ಲಿಗಮೆಂಟ್ ಹರಿಯಬಹುದು.

ಎಡಗೈ

ಕರೋಲಿನಾ ಮರಿನ್‌ಗೆ 2019ರ ಜನವರಿಯಲ್ಲಿ ಇಂಡೋನೇಷ್ಯಾ ಮಾಸ್ಟರ್ಸ್ ಫೈನಲ್‌ನಲ್ಲಿ, ಆಮೇಲೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಆಗಿದ್ದು ಬಲ ಮಂಡಿಗೆ. ಆದರೆ ನೀವು ಎಡಗಾಲು ಅನ್ನುತ್ತಿದ್ದೀರಿ?

ನೆಟ್ ಹತ್ತಿರ

ಅವರೂ ನಿಮ್ಮ ಹಾಗೆ ಎಡಗೈ ಸ್ವಾಮಿ! ಎಲ್ಲಾ ಉಲ್ಟಾ.

ಎಡಗೈ

ಅಯ್ಯೋ ಹೌದಲ್ಲ. ಮೂರು ವಾರದಿಂದ ಈ ಚರ್ಚೆ ಓದಿ ಎಡ ಶೂ ಸವೆದಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ. ನಂದು ಬಲ ಶೂ ಸವೆಯಬೇಕು. ಸವೆದಿದೆ!

ಷಟಲ್ ಹುಚ್ಚ

ಸ್ಪ್ಲಿಟ್ ಬಗ್ಗೆ ಒಂದು ಪ್ರಶ್ನೆ ಉಳಿಯಿತು. ಎದುರಿನವನು ರ‍್ಯಾಕೆಟ್ ತಡೆದು ಹಿಡಿದು ಕೊನೆ ಗಳಿಗೆಯಲ್ಲಿ ಹೊಡೆದರೆ? ತೈ ತ್ಸು ಯಿಂಗ್ ತರಹ. ನಾನು ಆಗಲೇ ಇಳಿದುಬಿಟ್ಟಿರುತ್ತೇನೆ.

ಕೋಚ್ ಅಲ್ಲ

ಅದಕ್ಕೆ ಪೂರ್ತಿ ಔಷಧಿ ಇಲ್ಲ. ತಡೆದು ಹಿಡಿಯೋದೇ ನಿಮ್ಮ ಸ್ಪ್ಲಿಟ್ ಕೊಲ್ಲೋಕೆ. ನಾನು ಮಾಡೋದು ಇಷ್ಟು: ಅಂಥವರ ಎದುರು ಸ್ಪ್ಲಿಟ್ ಇನ್ನೂ ಚಿಕ್ಕದು ಮಾಡುತ್ತೇನೆ, ಬೇಗ ಇಳಿದುಬಿಟ್ಟರೆ ಇನ್ನೊಂದು ಪುಟ್ಟದು ಹಾಕುತ್ತೇನೆ.

ಹಳೇ ಕೋರ್ಟು

ಕಾಯಬೇಕು. ಆತುರ ಪಟ್ಟರೆ ಹೊರಟುಬಿಡುತ್ತೀರಿ, ನಿಂತಿದ್ದರೆ ಸಿಗುತ್ತದೆ. ಸ್ಪ್ಲಿಟ್ಟೇ ಮಾಡದೆ ಸುಮ್ನೆ ನಿಲ್ಲೋದು ವಾಸಿ.

ಷಟಲ್ ಹುಚ್ಚ

ನಿಂತರೆ ಹಿಮ್ಮಡಿ ಕೂರುತ್ತಲ್ಲ ಸರ್?

ಹಳೇ ಕೋರ್ಟು

ನನ್ನದು ಕೂರಲ್ಲ.

ಕೋಚ್ ಅಲ್ಲ

ಸರ್, ನಿಮ್ಮದೊಂದು ಗೇಮ್ ರೆಕಾರ್ಡ್ ಮಾಡಿಸಿ ಹಾಕಿ. ನೀವು ನಿಂತಿರುತ್ತೀರೋ, ಗೊತ್ತಿಲ್ಲದೆ ಸ್ಪ್ಲಿಟ್ ಹಾಕುತ್ತೀರೋ ನೋಡಿಯೇಬಿಡೋಣ.

ಹಳೇ ಕೋರ್ಟು

ಭಾನುವಾರ ಮೊಮ್ಮಗಳು ಬರುತ್ತಾಳೆ, ಅವಳ ಕೈಲಿ ಫೋನ್ ಹಿಡಿಸುತ್ತೇನೆ. ಸೋತ ಗೇಮ್ ಮಾತ್ರ ಹಾಕಲ್ಲ.

ಮೊಣಕಾಲು ಪುರಾಣ

ಕೋರ್ಟ್ ಶೂ ಬಂತು. ಮೊದಲ ದಿನವೇ ಹಿಮ್ಮಡಿ ಇಳಿಸೋಕೆ ನೋಡಿದೆ. ಷಟಲ್ ಸಿಗಲಿಲ್ಲ, ಎದ್ದು ಮಾತ್ರ ಬಂದೆ.

ಹಿಂಬದಿ ಮೂಲೆ

😂 ಬಲ ಪಾದದ ಕೋನ ನಾಳೆಯಿಂದ ಶುರು ಮಾಡುತ್ತೇನೆ. ತಮ್ಮ ಈಗ ಪ್ರತಿ ಸೆಷನ್‌ಗೆ ದುಡ್ಡು ಕೇಳುತ್ತಿದ್ದಾನೆ.